ಪ್ರಯೋಗಾಲಯ ವರದಿಯಿಂದ ಕಿರು ಸಂಶೋಧನಾ ಲೇಖನ

ಕಿರು ಸಂಶೋಧನಾ ಲೇಖನ (ಶಾರ್ಟ್ ಕಮ್ಯುನಿಕೇಶನ್) ಎಂದರೆ ಒಂದೇ ಫಲಿತಾಂಶವನ್ನು, ಅದಕ್ಕೆ ಬೇಕಾದಷ್ಟೇ ಆಧಾರದೊಡನೆ ತಿಳಿಸುವ ವೈಜ್ಞಾನಿಕ ಬರಹ. ಇದರ ಉದ್ದ ನಿಯತಕಾಲಿಕದಿಂದ ನಿಯತಕಾಲಿಕಕ್ಕೆ ಬದಲಾಗುತ್ತದೆ. ಸಾಮಾನ್ಯವಾಗಿ ಅದು ಎರಡು-ಮೂರು ಪುಟಗಳಷ್ಟಿದ್ದು, ಒಂದೆರಡು ಕೋಷ್ಟಕ ಅಥವಾ ಚಿತ್ರಗಳಿಗೆ ಮಾತ್ರ ಅವಕಾಶವಿರುತ್ತದೆ. ಪ್ರಯೋಗಾಲಯ ವರದಿಯು ಮಾಡಿದ ಕೆಲಸವನ್ನೆಲ್ಲ ದಾಖಲಿಸುತ್ತದೆ. ಕಿರು ಲೇಖನವು ಆ ಕೆಲಸದಿಂದ ಸಿದ್ಧವಾದ ಒಂದು ಹೇಳಿಕೆಯನ್ನು ಓದುಗರ ಮುಂದಿಡುತ್ತದೆ. ಆದ್ದರಿಂದ ವರದಿಯ ಪ್ರತಿ ಭಾಗವನ್ನೂ ಸಮಪ್ರಮಾಣದಲ್ಲಿ ಕುಗ್ಗಿಸಿದರೆ ಕಿರು ಲೇಖನವಾಗುವುದಿಲ್ಲ. ಮೊದಲು ಹೇಳಿಕೆಯನ್ನು ಆರಿಸಿ, ಅದು ಯಾವುದರ ಮೇಲೆ ನಿಂತಿದೆಯೋ ಅದನ್ನು ಉಳಿಸಿ, ಮಿಕ್ಕದ್ದನ್ನು ಬಿಡಬೇಕಾಗುತ್ತದೆ.

## ಹಿನ್ನೆಲೆ

ಈ ಪ್ರಕಾರದ ಪ್ರಸಿದ್ಧ ಭಾರತೀಯ ಉದಾಹರಣೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅವರು ‘ನೇಚರ್’ ಪತ್ರಿಕೆಗೆ ಬರೆದ ಪತ್ರ. ಅದು 1928ರ ಮಾರ್ಚ್ 31ರ ಸಂಚಿಕೆಯಲ್ಲಿ ಪ್ರಕಟವಾಯಿತು. ಚದುರಿದ ಬೆಳಕಿನಲ್ಲಿ ಬದಲಾದ ತರಂಗಾಂತರದ ಭಾಗವೊಂದಿದೆ ಎಂಬುದು ಅದರ ಒಂದೇ ಹೇಳಿಕೆ. ಮಸೂರಗಳಿಂದ ಕೇಂದ್ರೀಕರಿಸಿದ ಸೂರ್ಯನ ಬೆಳಕು ಮತ್ತು ಪರಸ್ಪರ ಪೂರಕವಾದ ಎರಡು ಬಣ್ಣದ ಶೋಧಕಗಳು, ಇವಿಷ್ಟರಲ್ಲಿ ಅದರ ವಿಧಾನ ಮುಗಿಯುತ್ತದೆ. ಸುಮಾರು ಅರುವತ್ತು ದ್ರವಗಳನ್ನು ಪರೀಕ್ಷಿಸಿದ್ದರೂ ಪ್ರತಿಯೊಂದರ ವಿವರ ಅದರಲ್ಲಿಲ್ಲ. ಆದರೆ ‘ಇದು ಕೇವಲ ಪ್ರತಿದೀಪ್ತಿಯಾಗಿರಬಹುದಲ್ಲವೆ?’ ಎಂಬ ಸಂದೇಹಕ್ಕೆ ಉತ್ತರವನ್ನು ಬಿಟ್ಟಿಲ್ಲ. ಬೆಳಕಿನ ಕ್ಷೀಣತೆಯನ್ನೂ ಧ್ರುವೀಕರಣವನ್ನೂ ಅದಕ್ಕೆ ಸಾಕ್ಷ್ಯವಾಗಿ ನೀಡಲಾಗಿದೆ.

ಇದೇ ವಿಷಯವನ್ನು ರಾಮನ್ ಅವರು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಉಪನ್ಯಾಸವಾಗಿ ವಿಸ್ತಾರವಾಗಿ ಮಂಡಿಸಿದರು. ಪತ್ರವು ಉಪನ್ಯಾಸದ ಸಂಗ್ರಹವಲ್ಲ. ಅದು ಮೊದಲೇ ಬರೆದದ್ದು. ಆದರೂ ಎರಡನ್ನೂ ಹೋಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ: ಚಿಕ್ಕ ಬರಹದಲ್ಲಿ ಹಿನ್ನೆಲೆಯ ಚರಿತ್ರೆಯನ್ನು ಬಿಡಬಹುದು, ಹೇಳಿಕೆಯನ್ನು ಕೆಡವಬಲ್ಲ ಪ್ರಬಲ ಆಕ್ಷೇಪಕ್ಕೆ ಉತ್ತರವನ್ನು ಬಿಡಲಾಗದು.

## ಮಾದರಿ ಪ್ರಕರಣ: ಸವಳು ಮಣ್ಣಿನ ವರದಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದಲ್ಲಿ ಕೃಷ್ಣಾ ನದಿ ಹರಿಯುತ್ತದೆ; ನಿಪ್ಪಾಣಿ ಭಾಗದಲ್ಲಿ ವೇದಗಂಗಾ, ದೂಧಗಂಗಾ ನದಿಗಳಿವೆ. ನದಿ ದಂಡೆಯ ಕಪ್ಪು ಮಣ್ಣಿನಲ್ಲಿ ನೀರಾವರಿ ಕಬ್ಬು ಮುಖ್ಯ ಬೆಳೆ. ಬಸಿದುಹೋಗದ ನೀರು ನೆಲದಡಿ ನಿಂತಾಗ ಅಂತರ್ಜಲ ಮೇಲೇರುತ್ತದೆ. ಅದು ಕೇಶಾಕರ್ಷಣೆಯಿಂದ ಮೇಲ್ಪದರಕ್ಕೆ ಬಂದು ಆವಿಯಾಗುವಾಗ ಲವಣವನ್ನು ಅಲ್ಲೇ ಬಿಡುತ್ತದೆ. ಇಂಥ ಹೊಲಗಳನ್ನು ರೈತರು ಸವಳು-ಜವಳು ಭೂಮಿ ಎನ್ನುತ್ತಾರೆ.

ಈ ಪ್ರದೇಶದ ಪದವಿ ವಿದ್ಯಾರ್ಥಿಯೊಬ್ಬರು ಸಿದ್ಧಪಡಿಸಬಹುದಾದ ವರದಿಯೊಂದನ್ನು ಇಲ್ಲಿ ಮಾದರಿಯಾಗಿ ತೆಗೆದುಕೊಳ್ಳಲಾಗಿದೆ. ಇದರಲ್ಲಿನ ಮಣ್ಣಿನ ಅಳತೆಗಳು ವಿವರಣೆಗಾಗಿ ಕಲ್ಪಿಸಿದವು. ಯಾವುದೇ ಹೊಲದ ನೈಜ ಫಲಿತಾಂಶಗಳಲ್ಲ.

ವರದಿಯ ಶೀರ್ಷಿಕೆ ‘ಕಬ್ಬಿನ ಹೊಲಗಳ ಮಣ್ಣಿನ ಭೌತ-ರಾಸಾಯನಿಕ ಗುಣಗಳ ಅಧ್ಯಯನ’. ಸುಮಾರು 4,800 ಪದಗಳು, 9 ಕೋಷ್ಟಕಗಳು. ಒಂದೇ ಊರಿನ 12 ಹೊಲಗಳಲ್ಲಿ 6ಕ್ಕೆ ಬಸಿಗಾಲುವೆ ಇದೆ, 6ಕ್ಕೆ ಇಲ್ಲ. ಮೇ ತಿಂಗಳಲ್ಲಿ ಪ್ರತಿ ಹೊಲದ 5 ಸ್ಥಳಗಳಿಂದ 0–15 ಸೆಂ.ಮೀ. ಆಳದ ಮಣ್ಣು ತೆಗೆದು, ಒಟ್ಟು 60 ಮಾದರಿಗಳಲ್ಲಿ ರಸಸಾರ, ವಿದ್ಯುದ್ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಅಳೆಯಲಾಗಿದೆ. ಇದನ್ನು 1,200 ಪದಗಳು, ಒಂದು ಕೋಷ್ಟಕ, ಒಂದು ಚಿತ್ರದ ಮಿತಿಗೆ ತರಬೇಕಿದೆ.

## ಹೇಳಿಕೆಯ ಆಯ್ಕೆ

ಮೊದಲ ಕೆಲಸ, ಫಲಿತಾಂಶವನ್ನು ಕ್ರಿಯಾಪದವಿರುವ ಒಂದು ಪೂರ್ಣ ವಾಕ್ಯದಲ್ಲಿ ಬರೆಯುವುದು. ‘ಮಣ್ಣಿನ ಗುಣಗಳ ಅಧ್ಯಯನ’ ಎಂಬುದು ವಿಷಯವೇ ಹೊರತು ಹೇಳಿಕೆಯಲ್ಲ. ಮಾದರಿ ವರದಿಯಲ್ಲಿ ರಸಸಾರ ಮತ್ತು ಪೋಷಕಾಂಶಗಳು ಎರಡೂ ಗುಂಪುಗಳಲ್ಲಿ ಹೆಚ್ಚು ಭಿನ್ನವಾಗಿಲ್ಲ, ವಿದ್ಯುದ್ವಾಹಕತೆ ಭಿನ್ನವಾಗಿದೆ. ಆದ್ದರಿಂದ ಹೇಳಿಕೆ ಹೀಗಾಗುತ್ತದೆ: ‘ಬಸಿಗಾಲುವೆ ಇಲ್ಲದ ಹೊಲಗಳ ಮೇಲ್ಮಣ್ಣಿನಲ್ಲಿ, ಬಸಿಗಾಲುವೆ ಇರುವ ಹೊಲಗಳಿಗಿಂತ ಹೆಚ್ಚು ಲವಣ ಕಂಡುಬಂದಿತು.’

ಈ ವಾಕ್ಯ ಸಿದ್ಧವಾದ ಮೇಲೆ ವರದಿಯ ಪ್ರತಿ ಕಂಡಿಕೆಗೂ ಒಂದೇ ಪ್ರಶ್ನೆ: ಇದನ್ನು ತೆಗೆದರೆ ಓದುಗರು ಹೇಳಿಕೆಯನ್ನು ನಂಬಲು, ಪರೀಕ್ಷಿಸಲು ಅಥವಾ ಅಳತೆಯನ್ನು ಪುನಃ ಮಾಡಲು ತೊಡಕಾಗುವುದೆ? ತೊಡಕಾಗದಿದ್ದರೆ ಅದು ಹೋಗಬಹುದು. ಕಬ್ಬಿನ ಬೇಸಾಯದ ಇತಿಹಾಸ, ಉಪಕರಣದ ಕಾರ್ಯತತ್ತ್ವ, 60 ಮಾದರಿಗಳ ಬಿಡಿ ಅಳತೆಗಳು ಹೀಗೆ ಹೋಗುತ್ತವೆ. ಪೋಷಕಾಂಶಗಳ ಐದು ಪುಟಗಳು ‘ಉಳಿದ ಗುಣಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ’ ಎಂಬ ಒಂದು ವಾಕ್ಯಕ್ಕೆ ಇಳಿಯುತ್ತವೆ. ಈ ವಾಕ್ಯವನ್ನು ಮಾತ್ರ ತೆಗೆಯಬಾರದು. ತೆಗೆದರೆ ಆರು ಗುಣಗಳನ್ನು ಅಳೆದು ಒಂದರಲ್ಲಿ ವ್ಯತ್ಯಾಸ ಕಂಡದ್ದು ಮರೆಯಾಗಿ, ಅದೊಂದನ್ನೇ ಅಳೆದಂತೆ ತೋರುತ್ತದೆ.

ಪದಗಳ ಹಂಚಿಕೆಯೂ ಬದಲಾಗುತ್ತದೆ. ಪೀಠಿಕೆಗೆ 150, ವಿಧಾನಕ್ಕೆ 300, ಫಲಿತಾಂಶಕ್ಕೆ 350, ಚರ್ಚೆಗೆ 300, ಸಮಾರೋಪಕ್ಕೆ 100 ಪದಗಳೆಂದು ಮೊದಲೇ ಇಟ್ಟುಕೊಂಡರೆ, ವರದಿಯಲ್ಲಿ ಬಹು ದೊಡ್ಡದಾಗಿದ್ದ ಪೀಠಿಕೆಯೇ ಹೆಚ್ಚು ಕತ್ತರಿಗೆ ಸಿಗುತ್ತದೆ.

## ಕತ್ತರಿಸಬಾರದ ವಿವರಗಳು

### ಅಳತೆಯ ವಿಧಾನ

ಜಾಗ ಉಳಿಸುವಾಗ ಮೊದಲು ಕಳೆದುಹೋಗುವುದು ಇಂಥ ಚಿಕ್ಕ ವಿವರ. ಮಾದರಿ ವರದಿಯಲ್ಲಿ ವಿದ್ಯುದ್ವಾಹಕತೆಯನ್ನು 1 ಭಾಗ ಮಣ್ಣಿಗೆ 2.5 ಭಾಗ ನೀರು ಬೆರೆಸಿ ಅಳೆಯಲಾಗಿದೆ. ಬಸಿಗಾಲುವೆ ಇಲ್ಲದ ಹೊಲಗಳ ಸರಾಸರಿ ಮೀಟರಿಗೆ 1.9 ಡೆಸಿಸೀಮೆನ್ಸ್. ಪಠ್ಯಪುಸ್ತಕಗಳಲ್ಲಿ ಲವಣಯುಕ್ತ ಮಣ್ಣಿಗೆ ಮಿತಿಯೆಂದು ಕೊಡುವ 4 ಡೆಸಿಸೀಮೆನ್ಸ್ ಬೇರೊಂದು ವಿಧಾನದ್ದು. ಅದರಲ್ಲಿ ಮಣ್ಣು ಸಂತೃಪ್ತವಾಗುವಷ್ಟೇ ನೀರು ಬೆರೆಸಿ, ಹಿಂಡಿ ತೆಗೆದ ದ್ರವವನ್ನು ಅಳೆಯುತ್ತಾರೆ.

100 ಗ್ರಾಂ ಜೇಡಿಯುಕ್ತ ಕಪ್ಪು ಮಣ್ಣು ಸಂತೃಪ್ತವಾಗಲು ಸುಮಾರು 60ರಿಂದ 80 ಮಿ.ಲೀ. ನೀರು ಸಾಕು, 1:2.5ರ ವಿಧಾನದಲ್ಲಿ 250 ಮಿ.ಲೀ. ಬೀಳುತ್ತದೆ. ಎಂದರೆ ಲವಣ ಮೂರು-ನಾಲ್ಕು ಪಟ್ಟು ತೆಳುವಾಗುತ್ತದೆ. ‘1:2.5’ ಎಂಬುದನ್ನು ಅಳಿಸಿದ ಕರಡಿನಲ್ಲಿ ‘1.9 ಎಂಬುದು 4ಕ್ಕಿಂತ ಕಡಿಮೆ, ಆದ್ದರಿಂದ ಮಣ್ಣು ಸವಳಲ್ಲ’ ಎಂಬ ತಪ್ಪು ತೀರ್ಮಾನ ಸುಲಭವಾಗಿ ನುಸುಳುತ್ತದೆ. ಅದೇ ಮಣ್ಣು ಸಂತೃಪ್ತ ವಿಧಾನದಲ್ಲಿ ಮಿತಿಯನ್ನು ದಾಟಿರಬಹುದು. ಹಾಗೆಂದು 1.9ನ್ನು ಮೂರರಿಂದ ಗುಣಿಸಿ ಬರೆಯುವುದೂ ಸರಿಯಲ್ಲ. ಜಿಪ್ಸಂ ಇರುವ ಮಣ್ಣಿನಲ್ಲಿ ನೀರು ಹೆಚ್ಚಿದಷ್ಟೂ ಹೆಚ್ಚು ಲವಣ ಕರಗುವುದರಿಂದ ಈ ಪರಿವರ್ತನೆ ನಿಖರವಲ್ಲ. ಅನುಪಾತವನ್ನು ನಮೂದಿಸಿ, ಎರಡು ಗುಂಪುಗಳನ್ನು ಒಂದೇ ವಿಧಾನದಲ್ಲಿ ಹೋಲಿಸುವುದೇ ಸುರಕ್ಷಿತ.

### ಮಾದರಿಗಳ ಎಣಿಕೆ

ಪ್ರತಿ ಗುಂಪಿನಲ್ಲಿ 30 ಅಳತೆಗಳಿವೆ, ಆದರೆ ಹೊಲಗಳು 6 ಮಾತ್ರ. ಬಸಿಗಾಲುವೆ ಇರುವುದೂ ಇಲ್ಲದಿರುವುದೂ ಹೊಲದ ಗುಣ. ಹೊಲದೊಳಗಿನ ಐದು ಸ್ಥಳಗಳು ಪರಸ್ಪರ ಸ್ವತಂತ್ರವಲ್ಲ. ಹಾಗಾಗಿ ಪ್ರತಿ ಹೊಲಕ್ಕೆ ಒಂದು ಸರಾಸರಿ ತೆಗೆದು, ಎಣಿಕೆಯನ್ನು 6 ಎಂದೇ ಕೊಡಬೇಕು. ಹೊಲಗಳ ಸರಾಸರಿಗಳಿಂದ ಬಸಿಗಾಲುವೆ ಇಲ್ಲದ ಗುಂಪಿಗೆ 1.9 (ಮಾನಕ ವಿಚಲನೆ 0.5), ಇರುವ ಗುಂಪಿಗೆ 0.8 (ಮಾನಕ ವಿಚಲನೆ 0.3) ಬಂದರೆ, ವ್ಯತ್ಯಾಸ 1.1, ಅದರ ಶೇ. 95 ವಿಶ್ವಾಸ ವ್ಯಾಪ್ತಿ ಸುಮಾರು 0.55ರಿಂದ 1.65. 30 ಎಂದು ಬರೆದರೆ ಈ ವ್ಯಾಪ್ತಿ ಅಕಾರಣವಾಗಿ ಕಿರಿದಾಗಿ, ಫಲಿತಾಂಶ ಇರುವುದಕ್ಕಿಂತ ಖಚಿತವೆಂದು ತೋರುತ್ತದೆ.

### ಮಿತಿ

ಬಸಿಗಾಲುವೆಯನ್ನು ಸಂಶೋಧಕರು ಚೀಟಿ ಎತ್ತಿ ಹಂಚಿಲ್ಲ. ಅದು ಮೊದಲೇ ಇತ್ತು. ಕಾಲುವೆ ಇಲ್ಲದ ಹೊಲಗಳು ತಗ್ಗಿನಲ್ಲಿದ್ದರೆ, ಲವಣ ಹೆಚ್ಚಲು ಆ ತಗ್ಗೇ ಕಾರಣವಾಗಿರಬಹುದು. ಇದು ಈ ಹೇಳಿಕೆಗೆ ಎದುರಾಗುವ ಪ್ರಬಲ ಆಕ್ಷೇಪ. ಹೊಲಗಳ ಎತ್ತರವನ್ನು ಅಳೆದಿದ್ದರೆ ಆ ಅಂಕಿಯನ್ನು ಕೋಷ್ಟಕದಲ್ಲಿ ಕೊಡಬೇಕು. ಅಳೆದಿರದಿದ್ದರೆ ಒಂದು ವಾಕ್ಯದಲ್ಲಿ ಹೇಳಬೇಕು.

## ಸಾಮಾನ್ಯ ದೋಷ: ಹಿಗ್ಗಿದ ಹೇಳಿಕೆ

ಬರಹ ಕುಗ್ಗುತ್ತ ಹೋದಂತೆ ಹೇಳಿಕೆ ಹಿಗ್ಗುವುದುಂಟು. ವರದಿಯಲ್ಲಿ ‘ಒಂದು ಊರಿನ 12 ಹೊಲಗಳಲ್ಲಿ, ಮೇ ತಿಂಗಳಲ್ಲಿ’ ಎಂದಿದ್ದದ್ದು ಮೊದಲ ಕರಡಿನಲ್ಲಿ ‘ಕೃಷ್ಣಾ ತೀರದ ಹೊಲಗಳಲ್ಲಿ’ ಎಂದೂ, ಕೊನೆಯ ಕರಡಿನಲ್ಲಿ ‘ಬಸಿಗಾಲುವೆಯು ಸವಳನ್ನು ತಡೆಯುತ್ತದೆ’ ಎಂದೂ ಆಗುತ್ತದೆ. ಪ್ರತಿ ಹಂತದಲ್ಲೂ ಕೆಲವು ಪದಗಳು ಉಳಿದವು, ಆದರೆ ಸಾಕ್ಷ್ಯವಿಲ್ಲದ ಅರ್ಥ ಸೇರಿತು. ಮಳೆಗೆ ಮುಂಚೆ ಮೇಲ್ಪದರದಲ್ಲಿ ಲವಣ ಹೆಚ್ಚಿರುವುದರಿಂದ ತಿಂಗಳಿನ ಹೆಸರೂ ಸಾಕ್ಷ್ಯದ ಭಾಗವೇ. ಈ ದೋಷವನ್ನು ಪತ್ತೆಹಚ್ಚಲು ಶೀರ್ಷಿಕೆ, ಸಾರಾಂಶ ಮತ್ತು ಸಮಾರೋಪಗಳನ್ನು ಒಂದರ ಪಕ್ಕ ಒಂದಿಟ್ಟು, ಸ್ಥಳ, ಕಾಲ, ಎಣಿಕೆ ಮತ್ತು ಕ್ರಿಯಾಪದ ಮೂರರಲ್ಲೂ ಒಂದೇ ಆಗಿವೆಯೆ ಎಂದು ಹೋಲಿಸಬೇಕು.

## ಸಂಕ್ಷೇಪಿಸಿದ ರೂಪ

ಮಾದರಿ ವರದಿಯ ಸಾರಾಂಶ ಕೊನೆಗೆ ಹೀಗಾಗುತ್ತದೆ:

> ಕೃಷ್ಣಾ ತೀರದ ಒಂದು ಊರಿನಲ್ಲಿ ಬಸಿಗಾಲುವೆ ಇರುವ 6 ಮತ್ತು ಇಲ್ಲದ 6 ಕಬ್ಬಿನ ಹೊಲಗಳ ಮೇಲ್ಮಣ್ಣನ್ನು (0–15 ಸೆಂ.ಮೀ.) ಮೇ ತಿಂಗಳಲ್ಲಿ ಪರೀಕ್ಷಿಸಲಾಯಿತು. 1:2.5 ಮಣ್ಣು-ನೀರಿನ ಮಿಶ್ರಣದಲ್ಲಿ ಸರಾಸರಿ ವಿದ್ಯುದ್ವಾಹಕತೆ ಬಸಿಗಾಲುವೆ ಇಲ್ಲದ ಹೊಲಗಳಲ್ಲಿ ಮೀಟರಿಗೆ 1.9, ಇರುವ ಹೊಲಗಳಲ್ಲಿ 0.8 ಡೆಸಿಸೀಮೆನ್ಸ್ ಇತ್ತು (ವ್ಯತ್ಯಾಸ 1.1, ಶೇ. 95 ವಿಶ್ವಾಸ ವ್ಯಾಪ್ತಿ 0.55–1.65). ಅಳೆದ ಉಳಿದ ಐದು ಗುಣಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೊಲಗಳ ಎತ್ತರವನ್ನು ಅಳೆಯದ ಕಾರಣ, ವ್ಯತ್ಯಾಸವು ಬಸಿಗಾಲುವೆಯಿಂದಲೇ ಉಂಟಾಯಿತೆಂದು ಹೇಳಲಾಗದು.

ಶೀರ್ಷಿಕೆಯೂ ‘ಬಸಿಗಾಲುವೆ ಇರುವ ಮತ್ತು ಇಲ್ಲದ ಕಬ್ಬಿನ ಹೊಲಗಳ ಮೇಲ್ಮಣ್ಣಿನ ಲವಣಾಂಶ: ಒಂದು ಊರಿನ ಹೋಲಿಕೆ’ ಎಂದಾಗುತ್ತದೆ. ಕೋಷ್ಟಕದಲ್ಲಿ 12 ಹೊಲಗಳ ಸರಾಸರಿಗಳು, ಚಿತ್ರದಲ್ಲಿ ಅವೇ 12 ಬಿಂದುಗಳು ಇದ್ದರೆ ಒಂದೇ ಮಾಹಿತಿ ಎರಡು ಸಲ ಬಂದಂತಾಗುತ್ತದೆ. ಆಗ ಚಿತ್ರವನ್ನು ಉಳಿಸಿ, ಕೋಷ್ಟಕದ ಜಾಗವನ್ನು ಆರೂ ಗುಣಗಳ ಗುಂಪು ಸರಾಸರಿಗಳಿಗೆ ಕೊಡಬಹುದು.

## ಮೂಲ ವರದಿಯ ಸ್ಥಾನ

ಕಿರು ಲೇಖನ ಪ್ರಕಟವಾದ ಮೇಲೂ ಮೂಲ ವರದಿಯನ್ನೂ ಪ್ರಯೋಗದ ದಿನಚರಿ ಪುಸ್ತಕವನ್ನೂ ಕಾಪಾಡಬೇಕಾಗುತ್ತದೆ. ಬಿಟ್ಟ 60 ಬಿಡಿ ಅಳತೆಗಳು, ಉಪಕರಣದ ತಾಳೆ ದಾಖಲೆ, ಮಾದರಿ ತೆಗೆದ ಸ್ಥಳಗಳ ನಕ್ಷೆ ಅಲ್ಲಿಯೇ ಉಳಿದಿರುತ್ತವೆ. ಪರಿಶೀಲಕರು ‘ಐದು ಸ್ಥಳಗಳಲ್ಲಿ ಒಂದು ಕಾಲುವೆಯ ದಂಡೆಯಲ್ಲಿತ್ತೆ?’ ಎಂದು ಕೇಳಿದರೆ ಉತ್ತರ ಸಿಗುವುದು ಆ ನಕ್ಷೆಯಲ್ಲಿ. ಕೆಲವು ನಿಯತಕಾಲಿಕಗಳು ಇಂಥ ದತ್ತಾಂಶವನ್ನು ಪೂರಕ ಕಡತವಾಗಿ ಸ್ವೀಕರಿಸುತ್ತವೆ. ಆದರೆ ಹೇಳಿಕೆಗೆ ಅತ್ಯಗತ್ಯವಾದ ಅನುಪಾತ, ಎಣಿಕೆ ಮತ್ತು ಮಿತಿಗಳನ್ನು ಪೂರಕ ಕಡತಕ್ಕೆ ತಳ್ಳದೆ ಲೇಖನದಲ್ಲಿಯೇ ಇಡಬೇಕಾಗುತ್ತದೆ.