ನಡೆಯದೇ ಹೋದ 55 ನಿಮಿಷ

ಸಂಜೆ 7.04: ಒಂದನೇ ರಿಯಾಕ್ಟರಿಗೆ ಸಮುದ್ರದ ನೀರು ಹಾಯಿಸಲು ಆರಂಭ. 7.25: ನಿಲುಗಡೆ. 8.20: ಮತ್ತೆ ಆರಂಭ.

ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ 2011ರ ಮಾರ್ಚ್ 12ರಂದು ನಡೆದದ್ದೆಂದು ಎರಡು ತಿಂಗಳ ನಂತರ, ಮೇ 21ರಂದು, ಸರ್ಕಾರ ಮತ್ತು ಸ್ಥಾವರದ ಒಡೆಯ ಕಂಪನಿ ಟೆಪ್ಕೊ ಹೊರಗಿಟ್ಟ ವಿವರ ಇದು. ಒಂದೊಂದಕ್ಕೂ ಗಂಟೆ, ನಿಮಿಷ ಇದೆ. ಇಷ್ಟು ಕರಾರುವಾಕ್ಕಾಗಿ ಬರೆದದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ? ಆದರೆ ಇನ್ನೈದು ದಿನಕ್ಕೆ ಟೆಪ್ಕೊದ ಉಪಾಧ್ಯಕ್ಷ ಸಕಾಯೆ ಮುತೊ ಪತ್ರಕರ್ತರ ಮುಂದೆ ಬಂದು, ನೀರು ನಿಂತೇ ಇರಲಿಲ್ಲ ಎಂದರು. ನಡುವಿನ 55 ನಿಮಿಷ ಬರೀ ಕಾಗದದ ಮೇಲಿನದು.

ನಮ್ಮಲ್ಲಿ ನಡಾವಳಿ ಎಂದರೆ ಸಾಮಾನ್ಯವಾಗಿ ಸಭೆ ಮುಗಿದ ಮೇಲೆ ನಿಧಾನವಾಗಿ ಬರೆದು, ಅಧ್ಯಕ್ಷರ ಸಹಿ ಹಾಕಿಸಿಡುವ ಪುಸ್ತಕ. ವಿಷಯ, ಚರ್ಚೆ, ತೀರ್ಮಾನ ಎಂದು ಅಲ್ಲಿ ಎಲ್ಲವೂ ಅಚ್ಚುಕಟ್ಟು. ಅವಘಡದ ನಡುವೆ ಕೂತ ಸಭೆಯ ನಡಾವಳಿ ಬೇರೆ ಜಾತಿಯದು. ಅಲ್ಲಿ ಏನು ತೀರ್ಮಾನವಾಯಿತು ಎನ್ನುವಷ್ಟೇ ಮುಖ್ಯ, ಯಾವುದರ ನಂತರ ಯಾವುದು, ಆಗ ಯಾರಿಗೆ ಏನು ಗೊತ್ತಿತ್ತು ಎನ್ನುವುದು. ಆ ಸಂಜೆಯನ್ನು ಕ್ರಮವಾಗಿ ನೋಡಿದರೆ ಇದು ಅರ್ಥವಾಗುತ್ತದೆ.

ಹಿಂದಿನ ದಿನದ ಸುನಾಮಿಗೆ ಸ್ಥಾವರದ ವಿದ್ಯುತ್ ಹೋಗಿತ್ತು. ಕಾದ ಇಂಧನವನ್ನು ತಣಿಸಲು ಅಗ್ನಿಶಾಮಕ ವಾಹನದಿಂದ ಸಿಹಿನೀರು ತುಂಬುತ್ತಿದ್ದರು. ಸುಮಾರು 80 ಟನ್ ಹೋಗುವಷ್ಟರಲ್ಲಿ ಅದೂ ಬರಿದಾಯಿತು. ಮಧ್ಯಾಹ್ನ 2.54ಕ್ಕೆ ಸ್ಥಾವರದ ಮುಖ್ಯಸ್ಥ ಮಸಾವೊ ಯೊಶಿದಾ ಸಮುದ್ರದ ನೀರಿಗೆ ಸಿದ್ಧತೆ ಮಾಡಲು ಹೇಳಿದರು. 3.36ಕ್ಕೆ ಒಂದನೇ ರಿಯಾಕ್ಟರಿನ ಕಟ್ಟಡ ಸ್ಫೋಟಿಸಿತು. ಎಳೆದಿದ್ದ ಕೊಳವೆಗಳು ಹರಿದುಹೋದವು. ಅವಶೇಷಗಳ ನಡುವೆ ಮತ್ತೆ ಕೊಳವೆ ಎಳೆದು, 7.04ಕ್ಕೆ ಕೊನೆಗೂ ನೀರು ಬಿಟ್ಟರು.

ಅದೇ ಹೊತ್ತಿಗೆ ಟೋಕಿಯೊದ ಪ್ರಧಾನಿ ಕಚೇರಿಯಲ್ಲಿ ಸಮುದ್ರದ ನೀರು ಬಿಡಬಹುದೇ ಎಂಬ ಚರ್ಚೆ ನಡೆದಿತ್ತು! ಉಪ್ಪುನೀರಿನಿಂದ ತೊಂದರೆಯಾದೀತೆ, ನಿಂತ ಪರಮಾಣು ಸರಪಳಿ ಕ್ರಿಯೆ ಮತ್ತೆ ಹೊತ್ತಿಕೊಂಡೀತೆ ಎಂದು ಪ್ರಧಾನಿ ನವೊತೊ ಕಾನ್ ಕೇಳುತ್ತಿದ್ದರು. ಅಲ್ಲಿದ್ದ ಟೆಪ್ಕೊದ ಹಿರಿಯ ಅಧಿಕಾರಿ ಇಚಿರೊ ತಕೆಕುರೊ ಯೊಶಿದಾಗೆ ಫೋನ್ ಮಾಡಿದರು. ಆಗಲೇ ನೀರು ಬಿಟ್ಟಾಗಿದೆ ಎಂದು ತಿಳಿದಾಗ, ಇಲ್ಲಿ ಇನ್ನೂ ತೀರ್ಮಾನವಾಗಿಲ್ಲ, ನಿಲ್ಲಿಸಿ ಎಂದರು. ಟೆಪ್ಕೊದ ಪ್ರಧಾನ ಕಚೇರಿಯೂ ಅದಕ್ಕೇ ಒಪ್ಪಿತು. ಯೊಶಿದಾ ನೀರಿನ ಹೊಣೆ ಹೊತ್ತಿದ್ದ ಕೈಕೆಳಗಿನವರನ್ನು ಪಕ್ಕಕ್ಕೆ ಕರೆದು, ನಾನು ಈಗ ನಿಲ್ಲಿಸಲು ಹೇಳುತ್ತೇನೆ, ನೀವು ಮಾತ್ರ ನಿಲ್ಲಿಸಬೇಡಿ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಆಮೇಲೆ ವಿಡಿಯೊ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ‘ನಿಲ್ಲಿಸಿ’ ಎಂಬ ಆದೇಶ ಕೊಟ್ಟರು.

ಹಾಗಾಗಿ ಟೋಕಿಯೊದಲ್ಲಿ ಕೂತವರಿಗೆ 7.25ಕ್ಕೆ ನೀರು ನಿಂತದ್ದು ನಿಜವೇ. ಅವರು ಕಿವಿಯಾರೆ ಕೇಳಿದ್ದರು. ಪ್ರಧಾನಿ 7.55ಕ್ಕೆ ಸಮುದ್ರದ ನೀರು ಬಿಡಲು ಸೂಚಿಸಿದರು, 8.05ಕ್ಕೆ ಕೈಗಾರಿಕಾ ಸಚಿವರ ಆದೇಶ ಹೊರಟಿತು. ಒಂದು ಗಂಟೆಯಿಂದ ಹರಿಯುತ್ತಿದ್ದ ನೀರಿಗೆ ಆದೇಶ!

ಬರೆದವರು ಸುಳ್ಳು ಬರೆಯಲಿಲ್ಲ. ‘ನಿಲ್ಲಿಸಲು ಹೇಳಿದರು’ ಮತ್ತು ‘ನಿಂತಿತು’ ಎರಡನ್ನೂ ಒಂದೇ ಸಾಲು ಮಾಡಿದರು. ತುರ್ತು ಸಭೆಯ ದಾಖಲೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಒಂದು ತೀರ್ಮಾನಕ್ಕೆ ಕನಿಷ್ಠ ಮೂರು ಹೊತ್ತುಗಳಿರುತ್ತವೆ: ಸಭೆ ಒಪ್ಪಿದ್ದು, ಮಾತು ಸ್ಥಳಕ್ಕೆ ಮುಟ್ಟಿದ್ದು, ಕೆಲಸ ಆದದ್ದು. ಮೂರಕ್ಕೂ ಬೇರೆ ಬೇರೆ ಸಾಲು ಬೇಕು, ಮೂರನೆಯದಕ್ಕೆ ಅದನ್ನು ಕಣ್ಣಾರೆ ಕಂಡವರು ಯಾರು ಎಂಬುದೂ ಬೇಕು. ಹಾಗೆ ಬರೆದಿದ್ದರೆ 7.25ರ ಮುಂದೆ ‘ನಿಲ್ಲಿಸಲು ಆದೇಶ, ಕೊಟ್ಟವರು ಯೊಶಿದಾ’ ಎಂದಿರುತ್ತಿತ್ತು. ‘ನಿಂತಿತು, ಪಂಪಿನ ಬಳಿ ಇದ್ದವರಿಂದ ಖಾತ್ರಿ’ ಎಂಬ ಮುಂದಿನ ಸಾಲು ಖಾಲಿ ಉಳಿದಿರುತ್ತಿತ್ತು. ಆ ಖಾಲಿ ಜಾಗ ನೋಡಿದ ಯಾರಾದರೂ ಪ್ರಶ್ನೆ ಕೇಳಿರುತ್ತಿದ್ದರು.

ತಡವಾಗಿ ಬಂದ ಸುದ್ದಿಯ ಪಾಡೂ ಹೀಗೆಯೇ. 7.04ರ ಸಂಗತಿ 7.20ಕ್ಕೆ ಸಭೆಗೆ ಗೊತ್ತಾದರೆ ಅದನ್ನು 7.20ರ ಸಾಲಿನಲ್ಲಿ, 7.04ರದ್ದು ಎಂದು ಸೇರಿಸಿಯೇ ಬರೆಯಬೇಕು. ಹಿಂದಕ್ಕೆ ಹೋಗಿ 7.04ರ ಜಾಗಕ್ಕೆ ತುರುಕಿದರೆ ಪುಟ ಅಚ್ಚುಕಟ್ಟಾಗುತ್ತದೆ, ಆದರೆ ಗೊತ್ತಿದ್ದೂ ಹದಿನಾರು ನಿಮಿಷ ಸುಮ್ಮನಿದ್ದರು ಎಂಬ ಆರೋಪ ಸಭೆಯ ತಲೆಗೆ ಬರುತ್ತದೆ. ತಪ್ಪಿದ್ದನ್ನು ಅಳಿಸಬಾರದು, ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಪಡಿಸಬೇಕು. ಇದನ್ನೆಲ್ಲ ಮಾಡುವವರು ಸಭೆಯಲ್ಲಿ ಮಾತಾಡುವವರಾಗಬಾರದು. ಎರಡನ್ನೂ ಮಾಡಹೊರಟವರ ಪುಸ್ತಕ ಬಿಸಿ ಏರಿದ ಗಳಿಗೆಯಲ್ಲೇ ಖಾಲಿ ಇರುತ್ತದೆ.

ಆ ಸಂಜೆಯ ಇನ್ನೊಂದು ಜಗಳ ಮಾತಿನದು. ಪರಮಾಣು ಸುರಕ್ಷತಾ ಆಯೋಗದ ಅಧ್ಯಕ್ಷ ಹರುಕಿ ಮದರಾಮೆ ‘ಸರಪಳಿ ಕ್ರಿಯೆ ಮರುಕಳಿಸುವ ಅಪಾಯವಿದೆ’ ಎಂದರು ಎಂದು ಮೇ 21ರ ವಿವರದಲ್ಲಿತ್ತು. ನಾನು ಹಾಗೆ ಹೇಳಿಲ್ಲ ಎಂದು ಅವರು ಸಿಡಿದೆದ್ದರು. ಮರುದಿನವೇ ಅದು ‘ಸಾಧ್ಯತೆ ಸೊನ್ನೆ ಎನ್ನಲಾಗದು’ ಎಂದು ತಿದ್ದುಪಡಿಯಾಯಿತು. ವಿಜ್ಞಾನಿಯ ಬಾಯಲ್ಲಿ ಇವೆರಡಕ್ಕೂ ಅಜಗಜಾಂತರ. ಸೊನ್ನೆ ಎನ್ನಲಾಗದು ಎಂದರೆ ಹೆಚ್ಚುಕಡಿಮೆ ಇಲ್ಲ ಎಂದೇ. ರಾಜಕಾರಣಿಯ ಕಿವಿಗೆ ಅದೇ ಮಾತು ‘ಇದೆ’ ಎಂದು ಬಿದ್ದರೂ ಆಶ್ಚರ್ಯವಿಲ್ಲ. ತುರ್ತು ದಾಖಲೆಯಲ್ಲಿ ಎಲ್ಲ ಮಾತನ್ನೂ ಬರೆಯಲಾಗದು, ಬರೆಯಬೇಕಾಗಿಯೂ ಇಲ್ಲ. ಆದರೆ ತೀರ್ಮಾನವನ್ನು ತಿರುಗಿಸಿದ ಒಂದು ವಾಕ್ಯವನ್ನು ಮಾತ್ರ ಆಡಿದವರ ಪದಗಳಲ್ಲೇ ಹಿಡಿಯಬೇಕು. ಅಂದು ಅದನ್ನು ಹಿಡಿದಿಟ್ಟ ನಡಾವಳಿ ಯಾರ ಕೈಯಲ್ಲೂ ಇರಲಿಲ್ಲ.

ಆ ಸಭೆಯೊಂದರ ಕಥೆಯಷ್ಟೇ ಅಲ್ಲ. ದುರಂತ ನಿಭಾಯಿಸಲು ಜಪಾನ್ ಸರ್ಕಾರ ಕಟ್ಟಿದ 15 ಸಮಿತಿ, ಕೇಂದ್ರಗಳ ಪೈಕಿ 10ರಲ್ಲಿ ಸರಿಯಾದ ನಡಾವಳಿ ಇಲ್ಲ ಎಂದು 2012ರ ಜನವರಿಯಲ್ಲಿ ಉಪಪ್ರಧಾನಿ ಕತ್ಸುಯ ಒಕಾದಾ ಒಪ್ಪಿಕೊಂಡರು. ಪ್ರಧಾನಿಯೇ ಅಧ್ಯಕ್ಷರಾಗಿದ್ದ ಪರಮಾಣು ತುರ್ತು ಕೇಂದ್ರವೂ ಅದರಲ್ಲಿತ್ತು. ಸರ್ಕಾರಿ ದಾಖಲೆಗಳನ್ನು ಕಡ್ಡಾಯವಾಗಿ ಇಡಬೇಕೆನ್ನುವ ಕಾನೂನು ಜಾರಿಗೆ ಬಂದದ್ದು ಸುನಾಮಿಯಾದ ಮೂರು ವಾರಕ್ಕೆ, ಏಪ್ರಿಲ್ 1ರಂದು. ಅದಾದ ಮೇಲೂ ಅವರು ಬರೆಯಲಿಲ್ಲ. ಅತ್ತ ಸಾವಿರಾರು ಮೈಲಿ ದೂರದ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ, ಇದೇ ದುರಂತದ ಬಗ್ಗೆ ತನ್ನವರು ಫೋನಿನಲ್ಲಿ ನಡೆಸಿದ ಸಭೆಗಳ ಮೂರು ಸಾವಿರಕ್ಕೂ ಹೆಚ್ಚು ಪುಟದ ಬರಹವನ್ನು 2012ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿತು. ಜಪಾನಿನವರಿಗೆ ಎಷ್ಟು ಮುಜುಗರವಾಗಿರಬೇಕು!

ಕೊನೆಗೆ ಅಧಿಕಾರಿಗಳು ತಮ್ಮ ಚೀಟಿ, ಟಿಪ್ಪಣಿ, ನೆನಪುಗಳನ್ನು ಜೋಡಿಸಿ ತುರ್ತು ಕೇಂದ್ರದ ಸಭೆಗಳ ಸಾರಾಂಶ ತಯಾರಿಸಿದರು. 2012ರ ಮಾರ್ಚ್‌ನಲ್ಲಿ ಅದು ಹೊರಬಂತು. ಅದರಲ್ಲೊಂದು ಸಾಲು: ಸುನಾಮಿಯಾದ ದಿನವೇ ಸಂಜೆ ನಡೆದ ಮೊದಲ ಸಭೆಯಲ್ಲಿ, ಬ್ಯಾಟರಿ ನಡೆಯುವ ಎಂಟು ಗಂಟೆ ಕಳೆದು ರಿಯಾಕ್ಟರಿನ ಶಾಖ ಏರಿದರೆ ಇಂಧನ ಕರಗುವ ಸಂಭವವಿದೆ ಎಂದು ಒಬ್ಬರು ಎಚ್ಚರಿಸಿದ್ದರು. ಇಂಧನ ಕರಗಿದ್ದನ್ನು ಟೆಪ್ಕೊ ಒಪ್ಪಿಕೊಂಡದ್ದು ಎರಡು ತಿಂಗಳ ನಂತರ. ಅಷ್ಟು ಮುಂಚೆ ಸತ್ಯ ನುಡಿದವರು ಯಾರು? ಸಾರಾಂಶದಲ್ಲಿ ಆ ಮಾತಿನ ಎದುರು ಹೆಸರಿಲ್ಲ.