ಗಿರಾಕಿ ಓದುವುದು ಮೊದಲ ಮೂರು ಸಾಲು

ಶಹಾಪುರ, ಸುರಪುರ ತಾಲ್ಲೂಕುಗಳ ಕಾಲುವೆ ಬಯಲಿನಲ್ಲಿ ಬೇಸಿಗೆಯ ಹೊತ್ತಿಗೆ ಕೆಲವು ಹೊಲಗಳ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪೊರೆ ಕಾಣಿಸುತ್ತದೆ. ನಾರಾಯಣಪುರದ ಬಸವಸಾಗರದ ನೀರು ಬಂದ ಮೇಲೆ ಎರೆ ಭೂಮಿಯಲ್ಲಿ ಭತ್ತ ಬೆಳೆಯಿತು. ಆದರೆ ಬಸಿದು ಹೋಗಲು ದಾರಿಯಿಲ್ಲದ ಕಡೆ ಅದೇ ನೀರು ನೆಲದೊಳಗಿನ ಉಪ್ಪನ್ನು ಮೇಲಕ್ಕೆ ತಂದಿತು. ಇದಕ್ಕೆ ಸವಳು-ಜವಳು ಎಂದು ಹೆಸರು. ಇಂಥ ಭೂಮಿಯನ್ನು ಪರೀಕ್ಷಿಸಿ ದಾರಿ ಹೇಳುವುದು ಒಂದು ವೃತ್ತಿ.

ಈ ವೃತ್ತಿ ಹಿಡಿದ ಸಲಹೆಗಾರರೊಬ್ಬರು ಶಹಾಪುರದಲ್ಲಿದ್ದಾರೆ ಎಂದಿಟ್ಟುಕೊಳ್ಳೋಣ. ಕಂಪೆನಿಯ ಸಂಬಳ ಬಿಟ್ಟು ಸ್ವಂತಕ್ಕೆ ನಿಂತವರು. ಊರಿನ ರೈತರು ಅವರನ್ನು ಬಾಯಿಮಾತಿನಿಂದಲೇ ಬಲ್ಲರು. ಆದರೆ ಶುಲ್ಕ ಕೊಟ್ಟು ಇಡೀ ಊರಿನ ಭೂಮಿಯನ್ನು ಪರೀಕ್ಷೆ ಮಾಡಿಸಬಲ್ಲವರು ಬೇರೆ: ರೈತ ಉತ್ಪಾದಕ ಕಂಪೆನಿಯ ಮುಖ್ಯಸ್ಥರು, ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಸುರಪುರದ ಕಡೆ ಹೊಲ ಉಳಿಸಿಕೊಂಡವರು, ಕಂಪೆನಿಗಳ ಸಮಾಜಸೇವಾ ನಿಧಿ ನೋಡಿಕೊಳ್ಳುವವರು. ಇವರು ಯಾರಿಂದಲೋ ಹೆಸರು ಕೇಳಿ, ಫೋನು ಮಾಡುವ ಮೊದಲು ಲಿಂಕ್ಡ್‌ಇನ್ ತಾಣದಲ್ಲಿ ಹುಡುಕಿ ನೋಡುತ್ತಾರೆ. ಅಲ್ಲಿ ಸಿಗುವುದು ಹೀಗಿದೆ:

‘ಕೃಷಿಯಲ್ಲಿ ಸ್ನಾತಕೋತ್ತರ ಪದವಿ. 22 ವರ್ಷಗಳ ಅನುಭವ. ಬೀಜದ ಕಂಪೆನಿಯಲ್ಲಿ ಕ್ಷೇತ್ರಾಧಿಕಾರಿಯಾಗಿ ಸೇರಿ, ಗೊಬ್ಬರದ ಕಂಪೆನಿಯಲ್ಲಿ ಪ್ರಾದೇಶಿಕ ವ್ಯವಸ್ಥಾಪಕನಾಗಿ ಮತ್ತು ಮಣ್ಣು ಪರೀಕ್ಷಾ ಪ್ರಯೋಗಾಲಯದ ಮೇಲ್ವಿಚಾರಕನಾಗಿ ಸೇವೆ. ಶ್ರಮಜೀವಿ. ತಂಡದೊಡನೆ ಹೊಂದಿಕೊಳ್ಳುವ ಸ್ವಭಾವ.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದು ನೌಕರಿಯ ಅರ್ಜಿ. ನೌಕರಿ ಕೊಡುವವನು ‘ಈತ ಈ ಕುರ್ಚಿಗೆ ತಕ್ಕವನೇ?’ ಎಂದು ಕೇಳುತ್ತಾನೆ. ಗಿರಾಕಿಯ ಪ್ರಶ್ನೆ ಬೇರೆ: ‘ನನ್ನ ಹೊಲದಂಥ ಹೊಲವನ್ನು ಇವರು ಹಿಂದೆ ನೋಡಿದ್ದಾರೆಯೇ?’ ಅದಕ್ಕೆ ಇಲ್ಲಿ ಉತ್ತರವಿಲ್ಲ.

ನೌಕರಿಗಳ ಪಟ್ಟಿಗೆ ಆ ತಾಣದಲ್ಲಿ Experience ಎಂಬ ಬೇರೆ ಜಾಗವೇ ಇದೆ. ವರ್ಷ, ಹುದ್ದೆ, ಕಂಪೆನಿ ಎಲ್ಲ ಅಲ್ಲಿ ಸಾಲಾಗಿ ಕೂಡುತ್ತವೆ. About ಎಂಬ ಪರಿಚಯದ ಜಾಗದಲ್ಲಿ ಅದನ್ನೇ ಮತ್ತೆ ಬರೆದರೆ ಓದುವವನಿಗೆ ಹೊಸದೇನೂ ಸಿಗದು. ಪರಿಚಯಕ್ಕೆ ಒಟ್ಟು 2,600 ಅಕ್ಷರಗಳ ಮಿತಿಯಿದೆ; ಖಾಲಿ ಜಾಗಗಳೂ ಲೆಕ್ಕಕ್ಕೆ ಬರುತ್ತವೆ. ಪುಟ ತೆರೆದವರಿಗೆ ಮೊದಲು ಕಾಣುವುದು ಎರಡು ಮೂರು ಸಾಲು ಮಾತ್ರ. ಉಳಿದದ್ದನ್ನು more ಎಂಬುದನ್ನು ಒತ್ತಿದವರಷ್ಟೇ ಓದುತ್ತಾರೆ. ಆದ್ದರಿಂದ ಆ ಮೊದಲ ಸಾಲುಗಳಲ್ಲಿ ಪದವಿ ಇರಬೇಕೋ ಗಿರಾಕಿಯ ತೊಂದರೆ ಇರಬೇಕೋ ಎಂಬುದೇ ಇಲ್ಲಿ ಮುಖ್ಯ.

ತಿದ್ದುವ ಕೆಲಸ ಹಳೆಯ ಡೈರಿಯಿಂದ ಆರಂಭವಾಗಬೇಕು. ಹಿಂದೆ ಕರೆದವರು ಮೊದಲು ಏನೆಂದು ಹೇಳಿದರು ಎಂಬುದನ್ನು ಅವರ ಬಾಯಿಮಾತಿನಲ್ಲೇ ಬರೆದುಕೊಳ್ಳಬೇಕು. ‘ಹೊಲದಾಗ ಬಿಳೀ ಉಪ್ಪು ಎದ್ದದ ನೋಡ್ರಿ’, ‘ಭತ್ತದ ಸಸಿ ತುದಿ ಸುಟ್ಟಂಗ ಆಗ್ಯಾವ’, ‘ಜಿಪ್ಸಂ ಹಾಕಿದ್ರೂ ಏನೂ ಆಗಲಿಲ್ಲರಿ’. ಹತ್ತು ಮಾತು ಬರೆದರೆ ಆರೇಳು ಒಂದೇ ಕಡೆ ತಿರುಗುತ್ತವೆ. ಅದೇ ಪರಿಚಯದ ವಿಷಯ. ಬೀಜ, ಗೊಬ್ಬರ, ಹನಿ ನೀರಾವರಿ, ತರಬೇತಿ ಎಂದು ಎಲ್ಲವನ್ನೂ ಸೇರಿಸಿದರೆ ಯಾರಿಗೂ ತಮ್ಮ ತೊಂದರೆ ಅದರಲ್ಲಿ ಕಾಣದು.

ಮೂರನೆಯ ಮಾತಿನಲ್ಲಿ ಈ ಸಲಹೆಗಾರರ ವಿದ್ಯೆಯ ತಿರುಳೇ ಇದೆ. ಬಿಳಿ ಪೊರೆ ಕಂಡೊಡನೆ ಜಿಪ್ಸಂ ಸುರಿಯುವ ವಾಡಿಕೆಯುಂಟು. ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿ ರಸಸಾರ 8.5 ದಾಟಿದ್ದರೆ ಜಿಪ್ಸಂ ಉಪಯುಕ್ತ. ಬರಿಯ ಕರಗುವ ಉಪ್ಪೇ ಹೆಚ್ಚಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಬಸಿಗಾಲುವೆ ಮಾಡಿ ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದು ಕಳಿಸಬೇಕು. ಎರಡರಲ್ಲಿ ಯಾವುದು ಎಂದು ಹೇಳುವುದಕ್ಕೇ ಗಿರಾಕಿ ಹಣ ಕೊಡುವುದು. ಹಳೆಯ ಪರಿಚಯದಲ್ಲಿ ಇದರ ಸುಳಿವೇ ಇರಲಿಲ್ಲ. ತಿದ್ದಿದ ಪರಿಚಯ ಹೀಗಾಗಬಹುದು:

‘ಕಾಲುವೆ ನೀರು ಬಂದ ಮೇಲೆ ನಿಮ್ಮ ಹೊಲದಲ್ಲಿ ಬಿಳಿ ಉಪ್ಪು ಏಳುತ್ತಿದೆಯೇ? ಜಿಪ್ಸಂ ಹಾಕಿಯೂ ಬೆಳೆ ಸುಧಾರಿಸಲಿಲ್ಲವೇ? ಖರ್ಚು ಮಾಡುವ ಮೊದಲು ಅದು ಯಾವ ಬಗೆಯ ಸವಳು ಎಂದು ತಿಳಿಯಬೇಕು.

ಯಾದಗಿರಿ, ಶಹಾಪುರ, ಸುರಪುರದ ಸುತ್ತ ನಾನು ಈ ಕೆಲಸ ಮಾಡುತ್ತೇನೆ. ಹೊಲಕ್ಕೆ ಬಂದು ಮೂರು ಅಡಿ ಆಳದವರೆಗೆ ಹಂತ ಹಂತವಾಗಿ ಮಣ್ಣು ತೆಗೆದು, ಉಪ್ಪಿನಂಶ, ರಸಸಾರ, ಸೋಡಿಯಂ ಪರೀಕ್ಷೆ ಮಾಡಿಸುತ್ತೇನೆ. ನೀರಿನ ಮಟ್ಟ ಎಷ್ಟು ಆಳದಲ್ಲಿದೆ ಎಂದು ನೋಡುತ್ತೇನೆ. ಜಿಪ್ಸಂ ಬೇಕೇ, ಬಸಿಗಾಲುವೆ ಬೇಕೇ, ಎರಡೂ ಬೇಕೇ ಎಂಬುದನ್ನು ಅಂದಾಜು ಖರ್ಚಿನೊಡನೆ ಬರೆದು ಕೊಡುತ್ತೇನೆ.

ಮಣ್ಣು ಪರೀಕ್ಷಾ ಪ್ರಯೋಗಾಲಯ ನೋಡಿಕೊಂಡವನು. ವರದಿಯ ಅಂಕಿಗಳನ್ನು ಹೊಲದ ಭಾಷೆಯಲ್ಲಿ ಹೇಳಬಲ್ಲೆ. ಗೊಬ್ಬರ, ಜಿಪ್ಸಂ ಮಾರುವುದಿಲ್ಲ. ನೀರು ಹೊರಹೋಗಲು ಹಳ್ಳವಾಗಲಿ ಇಳಿಜಾರಾಗಲಿ ಇಲ್ಲದ ಕಡೆ ಬಸಿಗಾಲುವೆ ಕೆಲಸ ಮಾಡದು. ಅಂಥಲ್ಲಿ ಅದನ್ನೇ ಹೇಳುತ್ತೇನೆ.

ಹೊಲದ ಊರು, ಎಕರೆ, ಈಗಿನ ಬೆಳೆ ಮತ್ತು ಎರಡು ಫೋಟೋ ಕಳಿಸಿ. ಮಣ್ಣು ತೆಗೆಯಲು ಮಾರ್ಚಿಯಿಂದ ಮೇ ಒಳ್ಳೆಯ ಕಾಲ.’

ಇಲ್ಲಿ ಹಳೆಯ ನೌಕರಿಗಳಲ್ಲಿ ಒಂದು ಮಾತ್ರ ಉಳಿದಿದೆ, ಅದೂ ಗಿರಾಕಿಗೆ ಏನು ಉಪಯೋಗ ಎಂಬ ರೂಪದಲ್ಲಿ. ಗೊಬ್ಬರ ಕಂಪೆನಿಯ ಹುದ್ದೆ ಬಿಟ್ಟುಹೋಗಿದೆ. ಅದರ ಬದಲು ಗಿರಾಕಿಯ ಮನಸ್ಸಿನಲ್ಲಿರಬಹುದಾದ ಅನುಮಾನಕ್ಕೆ, ಅಂದರೆ ಇವರು ಕೊನೆಗೆ ಏನನ್ನೋ ಮಾರಲು ಬರುವವರೇ ಎಂಬುದಕ್ಕೆ, ನೇರ ಉತ್ತರವಿದೆ. ಆಗದ ಕೆಲಸವನ್ನು ಆಗದು ಎಂದಿರುವುದರಿಂದ ಉಳಿದ ಮಾತಿಗೆ ತೂಕ ಬರುತ್ತದೆ. ಕೊನೆಯ ಎರಡು ಸಾಲು ಓದಿದವನಿಗೆ ಮುಂದೆ ಏನು ಮಾಡಬೇಕೆಂಬುದು ತಿಳಿಯುತ್ತದೆ. ಓದುವವರು ಹೈದರಾಬಾದು, ಮುಂಬಯಿಯವರಾದರೆ ಇದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು. ಕನ್ನಡದಲ್ಲೇ ಇಟ್ಟರೆ ಅಕ್ಷರದ ಲೆಕ್ಕದ ಮೇಲೆ ಕಣ್ಣಿರಲಿ: ಕಂಪ್ಯೂಟರು ಒತ್ತು, ಗುಣಿತಗಳನ್ನೂ ಬೇರೆ ಬೇರೆ ಎಣಿಸುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದಕ್ಕೆ ಆರಾಗುತ್ತದೆ.

ತಪ್ಪುಗಳು ಆಗುವುದು ಇನ್ನೊಂದು ಬದಿಯಿಂದಲೂ. ನೌಕರಿ ಪಟ್ಟಿ ತೆಗೆದ ಉತ್ಸಾಹದಲ್ಲಿ ‘ಖಾತ್ರಿ ಫಲಿತಾಂಶ’, ‘ಇಳುವರಿ ಎರಡರಷ್ಟು’ ಎಂದು ಬರೆಯುವವರುಂಟು. ಮಣ್ಣಿನ ವಿಷಯ ಬಲ್ಲ ಗಿರಾಕಿ ಅಲ್ಲಿಗೇ ನಿಲ್ಲಿಸುತ್ತಾನೆ. ಬಲ್ಲದವನು ನಂಬಿದರೆ ಮುಂದೆ ಜಗಳವಾಗುತ್ತದೆ. ಹಿಂದಿನ ಗಿರಾಕಿಯ ಹೆಸರು, ಸರ್ವೆ ನಂಬರು, ಹೊಲದ ಫೋಟೋಗಳನ್ನು ಒಪ್ಪಿಗೆಯಿಲ್ಲದೆ ಹಾಕುವುದೂ ಸಲ್ಲದು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಹೆಸರು ಮುಚ್ಚಿ, ಮೊದಲ ಮೂರು ಸಾಲನ್ನು ಈ ವೃತ್ತಿಯ ಪರಿಚಯವಿಲ್ಲದವರೊಬ್ಬರಿಗೆ ಓದಿ ಹೇಳಿ ‘ಇದು ಯಾರ ತೊಂದರೆಯ ಮಾತು?’ ಎಂದು ಕೇಳುವುದು. ‘ಯಾರೋ ದೊಡ್ಡ ಅಧಿಕಾರಿಯದು’ ಎಂದರೆ ಮತ್ತೆ ತಿದ್ದಬೇಕು. ‘ಹೊಲದಲ್ಲಿ ಉಪ್ಪು ಎದ್ದವರದು’ ಎಂದರೆ ಸಾಕು.

ಈ ಪುಟ ತಾನಾಗಿ ಗಿರಾಕಿಗಳನ್ನು ಕರೆತರುವುದಿಲ್ಲ. ಹೆಸರು ಹಬ್ಬುವುದು ಈಗಲೂ ಬಾಯಿಂದ ಬಾಯಿಗೇ. ಆ ಹೆಸರು ಕೇಳಿ ಹುಡುಕಿಕೊಂಡು ಬಂದವನು ಫೋನೆತ್ತುತ್ತಾನೋ ಪುಟ ಮುಚ್ಚುತ್ತಾನೋ ಎಂಬುದನ್ನು ಮಾತ್ರ ಇದು ತೀರ್ಮಾನಿಸುತ್ತದೆ. ಬರುವ ಸಂದೇಶಗಳ ಬಗೆಯನ್ನು ಕೆಲವು ತಿಂಗಳು ಗುರುತು ಹಾಕಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ‘ನಮ್ಮಲ್ಲಿ ಹುದ್ದೆ ಖಾಲಿಯಿದೆ’ ಎಂಬ ಸಂದೇಶಗಳು ಕಡಿಮೆಯಾಗಿ ‘ನಮ್ಮ ಹೊಲ ಕೆಂಭಾವಿಯ ಹತ್ತಿರ, ಹನ್ನೆರಡು ಎಕರೆ’ ಎಂಬಂಥವು ಬರತೊಡಗಿದರೆ ಪರಿಚಯ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು.