ಮೋಟಾರ್ ಮೇಲೆತ್ತುವ ಮುನ್ನ

ಅಮ್ಮ ಕಳಿಸಿದ ಕಡಲೆಕಾಯಿ ಚಟ್ನಿಪುಡಿಯ ಡಬ್ಬಿಯ ಮುಚ್ಚಳದಡಿ ಆ ಕಾಗದವಿತ್ತಂತೆ. ನಮ್ಮಂಗಡಿಯ ಬಿಲ್ ಪುಸ್ತಕದಿಂದ ಹರಿದ ಎರಡು ಹಾಳೆ. ಅಕ್ಕ ಅದನ್ನು ಈಗಲೂ ಅನಾಟಮಿ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ. ಮಡಿಕೆಗಳು ಸವೆದಿವೆ, ಅಲ್ಲಲ್ಲಿ ಎಣ್ಣೆಯ ಕಲೆ. ಈ ಸಲ ರಜೆಯಲ್ಲಿ ಊರಿಗೆ ಬಂದಾಗ ಅವಳೇ ತೆಗೆದು ನನ್ನ ಕೈಗೆ ಕೊಟ್ಟಳು. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಒಂದು ವಿಷಯ ಬಾಕಿ ಉಳಿಸಿಕೊಂಡು ಮುಖ ಸಪ್ಪಗೆ ಮಾಡಿಕೊಂಡಿದ್ದ ನನಗೆ ಅದರ ಅಗತ್ಯವಿದೆ ಎಂದು ಅವಳಿಗೆ ಅನಿಸಿರಬೇಕು.

ನಮ್ಮದು ಮಧುಗಿರಿ. ಅಪ್ಪನದು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದಲೂ ಸುಟ್ಟ ಮೋಟಾರ್‌ಗಳು ಗೂಡ್ಸ್ ಆಟೊದಲ್ಲಿ ಬಂದಿಳಿಯುತ್ತವೆ. ಅಕ್ಕ ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನೀಟ್ ಎರಡು ಸಲ ಬರೆದು ಸರ್ಕಾರಿ ಮೆಡಿಕಲ್ ಸೀಟು ತೆಗೆದುಕೊಂಡಳು. ಆ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕಾಫಿ. ಅದಾಗಿ ಕೆಲವೇ ತಿಂಗಳಿಗೆ ಒಂದು ರಾತ್ರಿ ಫೋನ್ ಬಂತು. ಮೊದಲ ಇಂಟರ್ನಲ್‌ನಲ್ಲಿ ಅನಾಟಮಿ ಥಿಯರಿಗೆ 100ಕ್ಕೆ 31. "ಅಪ್ಪಾ, ನನ್ನ ಕೈಲಾಗಲ್ಲ. ಇಲ್ಲಿರೋರೆಲ್ಲ ಬೇರೆ ಥರದವರು. ಬಂದ್ಬಿಡ್ತೀನಿ" ಎಂದು ಅತ್ತಳು. ಅಪ್ಪ ಏನೋ ಸಮಾಧಾನ ಹೇಳಲು ಹೋದರು, ಅವಳ ಅಳು ಹೆಚ್ಚಾಯಿತು. ನಾಲ್ಕು ದಿನ ಇದೇ ನಡೆಯಿತು. ಐದನೇ ದಿನ ಅಪ್ಪ ಫೋನ್ ಎತ್ತಲಿಲ್ಲ, ಪೆನ್ನು ಎತ್ತಿದರು.

ಅವಳು ಹೆದರಿದ್ದಕ್ಕೂ ಕಾರಣವಿತ್ತು. ಮೆಡಿಕಲ್‌ನಲ್ಲಿ ಇಂಟರ್ನಲ್ ಅಂಕಗಳು ಬರೀ ಲೆಕ್ಕಕ್ಕಲ್ಲ. ಒಂದು ವಿಷಯದ ಇಂಟರ್ನಲ್‌ಗಳಲ್ಲಿ ಥಿಯರಿ ಮತ್ತು ಪ್ರಾಕ್ಟಿಕಲ್ ಬೇರೆ ಬೇರೆಯಾಗಿ ಕನಿಷ್ಠ ಶೇ 40, ಎರಡೂ ಸೇರಿ ಶೇ 50 ಬರದಿದ್ದರೆ ಆ ವಿಷಯದಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. ಮೊದಲ ವರ್ಷ ದಾಟಲು ಒಟ್ಟು 4 ಪ್ರಯತ್ನಗಳಷ್ಟೇ. ಹಾಗಾಗಿ 31 ಎಂಬುದು ಅವಳಿಗೆ ಬಾಗಿಲು ಮುಚ್ಚುವ ಸದ್ದಿನಂತೆ ಕೇಳಿಸಿತ್ತು.

ಅಪ್ಪನ ಕಾಗದದ ಮುಖ್ಯ ಭಾಗ ಇಲ್ಲಿದೆ:

"ಮಗಳಿಗೆ ಅಪ್ಪನ ಆಶೀರ್ವಾದ. ನಾವೆಲ್ಲ ಕ್ಷೇಮ. ನಿನ್ನೆ ಪಾವಗಡ ಕಡೆಯವರೊಬ್ಬರು ಬಂದಿದ್ದರು. ಎಂಟುನೂರು ಅಡಿ ಬೋರು, ನೀರು ನಿಂತಿದೆ. ಮೋಟಾರ್ ಸುಟ್ಟಿದೆ ಅಂತ ಅವರೇ ತೀರ್ಮಾನ ಮಾಡಿ ಮೇಲೆತ್ತಿಸಲು ಗಾಡಿಗೆ ಹೇಳಿಬಿಟ್ಟಿದ್ದರು. ನಾನು ಹೋಗಿ ಮೊದಲು ಸ್ಟಾರ್ಟರ್ ನೋಡಿದೆ. ಆಮೇಲೆ ಕೇಬಲ್ಲಿನ ಮೂರು ತುದಿಗೆ ಮೀಟರ್ ಇಟ್ಟೆ. ಮೂರು ಜೋಡಿಗೂ ಒಂದೇ ರೀಡಿಂಗ್. ಅರ್ತ್‌ಗೂ ಸೋರಿಕೆ ಇಲ್ಲ. ಅಂದರೆ ಕೆಳಗಿನ ಮೋಟಾರ್ ಚೆನ್ನಾಗಿದೆ. ಹೋಗಿದ್ದು ಸ್ಟಾರ್ಟರಿನ ಒಂದು ಕಾಂಟ್ಯಾಕ್ಟು.

ನೀನು ನನ್ನಂಗಡೀಲಿ ಬೆಳೆದವಳು. ಮೀಟರ್ ಇಡದೆ ಮೋಟಾರ್ ಸುಟ್ಟಿದೆ ಅನ್ನಬಾರದು ಅಂತ ನಿನಗೆ ಗೊತ್ತು. 31 ಬಂತು ಅಂದೆ. 69 ಎಲ್ಲಿ ಹೋಯ್ತು ಅಂತ ಹೇಳಲಿಲ್ಲ. ನಿನ್ನ ಉತ್ತರ ಪತ್ರಿಕೆ ತಗೊಂಡು ಕೂತ್ಕೋ. ಹೋದ ಒಂದೊಂದು ಅಂಕವನ್ನೂ ನಾಲ್ಕು ಮನೆಯಲ್ಲಿ ಯಾವುದಕ್ಕಾದರೂ ಹಾಕು. ಒಂದು, ಗೊತ್ತೇ ಇರಲಿಲ್ಲ. ಎರಡು, ಗೊತ್ತಿತ್ತು ಬರೆಯಲು ಟೈಮ್ ಸಿಗಲಿಲ್ಲ. ಮೂರು, ಬರೆದೆ, ಚಿತ್ರ ಹಾಕಲಿಲ್ಲ. ನಾಲ್ಕು, ಪ್ರಶ್ನೆ ತಪ್ಪು ತಿಳ್ಕೊಂಡೆ. ಲೆಕ್ಕ ನನಗೆ ಕಳಿಸು. ಅದರಲ್ಲಿ ಮೋಟಾರೇ ಸುಟ್ಟಿದೆ ಅಂತ ಬಂದರೆ ನಾನೇ ಬಂದು ಕರ್ಕೊಂಡು ಬರ್ತೀನಿ, ಯಾರೇನಂದರೂ ಸರಿ. ಅಲ್ಲಿವರೆಗೆ ಮೇಲೆತ್ತೋದು ಬೇಡ. ಇಂತಿ, ಅಪ್ಪ."

ಎರಡು ದಿನ ಅಕ್ಕ ಅದನ್ನು ಮುಟ್ಟಲಿಲ್ಲವಂತೆ. ಮೂರನೇ ದಿನ ಸಿಟ್ಟಿನಲ್ಲೇ ಲೆಕ್ಕ ಹಾಕಿದಳು. ಗೊತ್ತೇ ಇರದಿದ್ದದ್ದು 22. ಮುಟ್ಟಲು ಸಮಯವೇ ಸಿಗದ ಪ್ರಶ್ನೆಗಳಿಂದ 26. ಚಿತ್ರವಿಲ್ಲದ್ದಕ್ಕೆ ಹೋದದ್ದು 12. ತಪ್ಪು ತಿಳಿದುಕೊಂಡದ್ದು 9. ಒಟ್ಟು 69. ಆ ಸಂಜೆ ಅಪ್ಪ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೂ ತೋರಿಸಿದರು. ಸಮಯ ಸಿಗದ 26ರಲ್ಲಿ ಅರ್ಧ ಬಂದರೂ 13, ಆಗ 31 ಹೋಗಿ 44. ಚಿತ್ರದ 12ರಲ್ಲಿ 8 ಬಂದರೆ 52. ಹೊಸದಾಗಿ ಒಂದು ಪಾಠವನ್ನೂ ಓದದೆ 52! "ಸ್ಟಾರ್ಟರ್ ಹೋಗಿದೆ ಕಣಮ್ಮ" ಎಂದು ಫೋನಿನಲ್ಲಿ ಹೇಳಿದರು. ಆ ಕಡೆ ಅಕ್ಕ ಬಹಳ ದಿನದ ಮೇಲೆ ನಕ್ಕಳು.

ಆದರೆ ಸಮಯ ಯಾಕೆ ಸಾಲಲಿಲ್ಲ? 3 ಗಂಟೆ ಎಂದರೆ 180 ನಿಮಿಷ, 100 ಅಂಕ. ಒಂದು ಅಂಕಕ್ಕೆ ಎರಡು ನಿಮಿಷವೂ ಇಲ್ಲ. ಹತ್ತು ಅಂಕದ ಪ್ರಶ್ನೆಗೆ 18 ನಿಮಿಷ, ಐದಂಕಕ್ಕೆ 9, ಮೂರಂಕಕ್ಕೆ ಸುಮಾರು 5. ಅಕ್ಕ ಮೊದಲ ಹತ್ತಂಕದ ಪ್ರಶ್ನೆಗೇ 45 ನಿಮಿಷ ಕೊಟ್ಟಿದ್ದಳು. ಕನ್ನಡದಲ್ಲಿ ಯೋಚಿಸಿ, ಮನಸ್ಸಿನಲ್ಲೇ ಇಂಗ್ಲಿಷ್ ಮಾಡಿ, ವ್ಯಾಕರಣ ಸರಿಯಿದೆಯಾ ಎಂದು ನೋಡಿ, ಆಮೇಲೆ ಪುಟಗಟ್ಟಲೆ ವಾಕ್ಯ ಬರೆಯುತ್ತಿದ್ದಳು. ಸೀನಿಯರ್ ಒಬ್ಬರಿಗೆ ಆ ಪತ್ರಿಕೆ ತೋರಿಸಿದಾಗ ಗುಟ್ಟು ಬಯಲಾಯಿತು. ಅನಾಟಮಿಯಲ್ಲಿ ಚೆಂದದ ಇಂಗ್ಲಿಷನ್ನು ಯಾರೂ ಕೇಳುವುದಿಲ್ಲ. ಒಂದು ಸ್ನಾಯುವಿನ ಬಗ್ಗೆ ಕೇಳಿದರೆ ಅದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೇರುತ್ತದೆ, ಯಾವ ನರ, ಏನು ಕೆಲಸ, ಪೆಟ್ಟಾದರೆ ಏನಾಗುತ್ತದೆ ಎಂಬ ತಲೆಬರಹಗಳು, ಅವುಗಳಡಿ ಚಿಕ್ಕ ಸಾಲುಗಳು, ಪಕ್ಕದಲ್ಲಿ ಹೆಸರು ಗುರುತಿಸಿದ ಚಿತ್ರ. ಅಷ್ಟೇ.

ಭಾಷೆಯ ಭಯವೂ ಅರ್ಧ ಅಲ್ಲೇ ಇಳಿಯಿತು. ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್ ಎಂಬ ಹೆಸರು ಕೇಳಿ ಅವಳು ಬೆಚ್ಚಿದ್ದಳು. ಆದರೆ ಅದು ಇಂಗ್ಲಿಷೇ ಅಲ್ಲ, ಲ್ಯಾಟಿನ್. ಕಾನ್ವೆಂಟಿನಲ್ಲಿ ಓದಿದ ಗೆಳತಿಗೂ ಅದು ಅಷ್ಟೇ ಹೊಸದು. ಫ್ಲೆಕ್ಸರ್ ಎಂದರೆ ಮಡಚುವುದು, ಡಿಜಿಟೋರಮ್ ಎಂದರೆ ಬೆರಳುಗಳ, ಪ್ರೊಫಂಡಸ್ ಎಂದರೆ ಆಳದ್ದು. ಬೆರಳು ಮಡಚುವ, ಆಳದಲ್ಲಿರುವ ಸ್ನಾಯು. ಹೆಸರಿನಲ್ಲೇ ಕೆಲಸವೂ ಜಾಗವೂ ಇದೆ. ಅಕ್ಕ ನೋಟ್‌ಬುಕ್ಕಿನ ಎಡಕ್ಕೆ ಲ್ಯಾಟಿನ್ ಹೆಸರು, ಬಲಕ್ಕೆ ಕನ್ನಡ ಅರ್ಥ ಬರೆಯತೊಡಗಿದಳು.

ಉಳಿದದ್ದು 'ಗೊತ್ತೇ ಇರಲಿಲ್ಲ' ಎಂಬ 22. ಅದರಲ್ಲಿ ದೊಡ್ಡ ಪಾಲು ಬ್ರೇಕಿಯಲ್ ಪ್ಲೆಕ್ಸಸ್ ಎಂಬ ಒಂದೇ ಪಾಠದ್ದು. ಕತ್ತಿನಿಂದ ಹೊರಟು ತೋಳಿಗೆ ಇಳಿಯುವ ನರಗಳ ಜಾಲ ಅದು. ಶಿವರಾತ್ರಿಗೆ ಊರಿಗೆ ಬಂದಾಗ "ಹತ್ತು ಸಲ ಓದಿದರೂ ತಲೆಗೆ ಹೋಗ್ತಿಲ್ಲ" ಎಂದಳು. ಅಪ್ಪ ಸೀಮೆಸುಣ್ಣ ಕೊಟ್ಟು, "ನೆಲದ ಮೇಲೆ ಬಿಡಿಸು. ನನಗೆ ವೈರಿಂಗ್ ಥರ ಹೇಳು" ಎಂದರು.

ಅಕ್ಕ ಬಿಡಿಸಿದಳು. ಬೆನ್ನುಹುರಿಯಿಂದ ಹೊರಡುವ ಐದು ಬೇರು, ಸಿ5ರಿಂದ ಟಿ1ರವರೆಗೆ. ಮೇಲಿನ ಎರಡು ಸೇರಿ ಒಂದು ಕಾಂಡ, ನಡುವಿನದು ಒಂಟಿಯಾಗಿ ಒಂದು, ಕೆಳಗಿನ ಎರಡು ಸೇರಿ ಇನ್ನೊಂದು. ಈ ಮೂರೂ ಕಾಂಡಗಳು ತಲಾ ಎರಡಾಗಿ ಒಡೆದು ಆರಾಗುತ್ತವೆ. ಆರು ಮತ್ತೆ ಹೆಣೆದುಕೊಂಡು ಮೂರು ಹಗ್ಗ. ಅವುಗಳಿಂದ ತೋಳಿಗೆ ಹೋಗುವ ಐದು ದೊಡ್ಡ ನರ. ಐದು, ಮೂರು, ಆರು, ಮೂರು, ಐದು. ಅಪ್ಪ ನೋಡುತ್ತ ಕೂತಿದ್ದರು. ಆಮೇಲೆ ಮೇಲಿನ ಕಾಂಡದ ಮೇಲೆ ಸ್ಕ್ರೂಡ್ರೈವರ್ ಇಟ್ಟು ಕೇಳಿದರು: "ಇಲ್ಲಿ ಕಟ್ ಆದರೆ ಯಾವ ಲೈಟು ಆರುತ್ತೆ?"

ಅಕ್ಕ ಕಣ್ಣು ಮುಚ್ಚಿ ಯೋಚಿಸಿದಳು. ಸಿ5, ಸಿ6 ಹೋದರೆ ತೋಳನ್ನು ಪಕ್ಕಕ್ಕೆ ಎತ್ತಲಾಗದು, ಮೊಣಕೈ ಮಡಚಲಾಗದು. ತೋಳು ಒಳಕ್ಕೆ ತಿರುಗಿ ಜೋತುಬೀಳುತ್ತದೆ, ಅಂಗೈ ಹಿಂದಕ್ಕೆ. ಗುಟ್ಟಾಗಿ ಟಿಪ್ಸ್‌ಗೆ ಕೈಯೊಡ್ಡಿದ ವೇಟರ್‌ನಂತೆ. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡು ಕತ್ತು ಎಳೆದಾಗ ಆಗಬಹುದಾದ ತೊಂದರೆ ಇದು, ಅರ್ಬ್ಸ್ ಪಾಲ್ಸಿ. ಅಪ್ಪ ಸ್ಕ್ರೂಡ್ರೈವರನ್ನು ರೇಡಿಯಲ್ ನರದ ಮೇಲೆ ಸರಿಸಿದರು. ತೋಳಿನ ಮೂಳೆ ನಡುವೆ ಮುರಿದಾಗ ಪೆಟ್ಟಾಗುವ ನರ ಅದು. ಮಣಿಕಟ್ಟು ಮೇಲೆತ್ತಲಾಗದೆ ಕೈ ಜೋತುಬೀಳುತ್ತದೆ. ಹತ್ತು ಸಲ ಓದಿದಾಗ ನಿಲ್ಲದ ಪಾಠ ಹತ್ತು ಕಡೆ 'ಕತ್ತರಿಸಿದಾಗ' ನಿಂತಿತು. ಅಕ್ಕ ಹೇಳುವಂತೆ ರೋಗಿಯ ಮುಂದೆ ನಿಂತ ಡಾಕ್ಟರೂ ಮಾಡುವುದು ಇದನ್ನೇ. ಯಾವ ಚಲನೆ ನಿಂತಿದೆ ಎಂದು ನೋಡಿ ಗಾಯ ಎಲ್ಲಿದೆ ಎಂದು ಹಿಂದಕ್ಕೆ ಹುಡುಕುವುದು. ಒಂದೇ ವ್ಯತ್ಯಾಸವನ್ನು ಅವಳು ಅಪ್ಪನಿಗೆ ಹೇಳಿದಳು. ವೈರು ತಾನಾಗಿ ಬೆಳೆಯುವುದಿಲ್ಲ, ನರ ಬೆಳೆಯಬಲ್ಲದು, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. "ಹಾಗಾದರೆ ನಿಂಗೂ ಟೈಮ್ ಕೊಡು" ಎಂದರು ಅಪ್ಪ.

ಇದರಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಎರಡನೇ ಇಂಟರ್ನಲ್‌ನಲ್ಲಿ 44, ಮೂರನೆಯದರಲ್ಲಿ 53. ಪ್ರಾಕ್ಟಿಕಲ್ ಅಂಕಗಳು ಜೊತೆಗೂಡಿ ಅನಾಟಮಿಯ ಗೆರೆ ದಾಟಿದಳು, ವಿಶ್ವವಿದ್ಯಾಲಯದ ಪರೀಕ್ಷೆಯಲ್ಲೂ ಪಾಸಾದಳು. ಆದರೆ ಅನಾಟಮಿಗೇ ಜೀವ ತೇಯ್ದು ಬಯೋಕೆಮಿಸ್ಟ್ರಿ ಕೈಬಿಟ್ಟಿದ್ದಳು. ಅದು ಹೋಯಿತು. ಅಲ್ಲಿ ನೆಲದ ಮೇಲೆ ಬಿಡಿಸುವ ವೈರಿಂಗ್ ಇರಲಿಲ್ಲ, ಅಪ್ಪನ ಬಳಿಯೂ ಉಪಾಯ ಇರಲಿಲ್ಲ. ಆ ಸಲ ಅಕ್ಕ ಮನೆಗೆ ಬಂದುಬಿಡ್ತೀನಿ ಎನ್ನಲಿಲ್ಲ. ತಾನೇ ನಾಲ್ಕು ಮನೆ ಎಳೆದು ಲೆಕ್ಕ ಹಾಕಿದಳು. ಆ ಸಲ 'ಗೊತ್ತೇ ಇರಲಿಲ್ಲ' ಎಂಬ ಮನೆಯೇ ದೊಡ್ಡದಿತ್ತು. ಹಾಗಾಗಿ ಬರೆಯುವ ಅಭ್ಯಾಸ ಬಿಟ್ಟು ಓದಲು ಕೂತಳು. ಪೂರಕ ಪರೀಕ್ಷೆಯಲ್ಲಿ ಪಾಸಾಗಿ ತನ್ನ ಬ್ಯಾಚಿನ ಜೊತೆಯಲ್ಲೇ ಎರಡನೇ ವರ್ಷಕ್ಕೆ ಹೋದಳು. ಲೆಕ್ಕದ ಉಪಯೋಗ ಅದೇ. ಎಲ್ಲರಿಗೂ ಒಂದೇ ಮದ್ದು ಹೇಳುವುದಿಲ್ಲ, ಎಲ್ಲಿ ಕೈ ಹಾಕಬೇಕೆಂದು ತೋರಿಸುತ್ತದೆ.

ಕಾಗದ ಓದಿ ಮುಗಿಸಿ ಅಪ್ಪನನ್ನು ಕೇಳಿದೆ: "ಅಕ್ಕನ ಲೆಕ್ಕದಲ್ಲಿ 22ರ ಬದಲು 60 ಬಂದಿದ್ದರೆ ನಿಜವಾಗಲೂ ಕರ್ಕೊಂಡು ಬರ್ತಿದ್ರಾ?" ಅವರು ಕಾಯಿಲ್‌ಗೆ ತಂತಿ ಸುತ್ತುತ್ತಲೇ ಹೇಳಿದರು: "ಬರ್ತಿದ್ದೆ. ಸುಟ್ಟ ಮೋಟಾರನ್ನೂ ಬಿಸಾಕಲ್ಲ ಕಣೋ. ಮೇಲೆತ್ತಿ, ಹೊಸದಾಗಿ ಸುತ್ತಿ, ಮತ್ತೆ ಇಳಿಸ್ತೀವಿ."

ಬಾಕಿ ಉಳಿದಿರುವ ನನ್ನ ಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿದ್ದೇನೆ. ನಾಲ್ಕು ಮನೆ ಎಳೆದು ಕಾಯುತ್ತಿದ್ದೇನೆ.